ಸದ್ದಿಲ್ಲದ ಫ್ರಿಜ್: ಉರಿಯಿಂದ ತಂಪು, ಆದ್ರೆ ಎಲ್ಲರ ತೋಟಕ್ಕಲ್ಲ

ಮೂರು ವರ್ಷದ ಹಿಂದೆ ಲಾಡ್ಜ್ ಒಂದರ ಹಳೇ ಸಾಮಾನು ಮಾರುವಾಗ 40 ಲೀಟರಿನ ಪುಟ್ಟ ಫ್ರಿಜ್ ತಂದೆ. "ಕಂಪ್ರೆಸರ್ ಇಲ್ಲ ಸಾರ್, ಸದ್ದೇ ಇಲ್ಲ, ಕರೆಂಟೂ ತಿನ್ನಲ್ಲ" ಅಂದಿದ್ದ ಮಾರಿದವ. ಮೊದಲ ಎರಡು ಮಾತು ನಿಜ. ಮೂರನೇದನ್ನು ನಂಬಿ ತೋಟದ ಮನೆಯ ಸೋಲಾರ್ ಇನ್ವರ್ಟರ್‌ಗೆ ಸಿಕ್ಕಿಸಿ, ಒಳಗೆ 12 ಪ್ಯಾಕೆಟ್ ಅಣಬೆ ಬೀಜ ಇಟ್ಟೆ. ಮೋಡದ ದಿನಗಳು. ದಿನಾ ಬೆಳಗಿನ ಜಾವಕ್ಕೆ ಬ್ಯಾಟರಿ ಖಾಲಿ. ಎರಡು ವಾರದಲ್ಲಿ ಬೀಜ ಗಟ್ಟಿ ಹೆಂಟೆಯಾಗಿ, ಹಳದಿ ನೀರು ಬಿಟ್ಟು, ಕೆಲವಕ್ಕೆ ಹಸಿರು ಬೂಸ್ಟು ಬಂದಿತ್ತು.

ಆಮೇಲೆ ಹಿಂಬದಿ ಬಿಚ್ಚಿ ನೋಡಿದೆ. ಕಂಪ್ರೆಸರ್ ಜಾಗದಲ್ಲಿ ಒಂದು ಬೆಂಕಿಕಡ್ಡಿ ಪೆಟ್ಟಿಗೆ ಉದ್ದದ ಹೀಟರ್! ತಣ್ಣಗೆ ಮಾಡೋಕೆ ಬಿಸಿ ಮಾಡೋ ಯಂತ್ರ ಅದು. ಅಬ್ಸಾರ್ಪ್ಶನ್ ಫ್ರಿಜ್ ಅಂತಾರೆ. 1922ರಲ್ಲಿ ಸ್ವೀಡನ್ನಿನ ಪ್ಲಾಟೆನ್ ಮತ್ತು ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ರೂಪಿಸಿದ ವಿಧಾನವೇ ಇವತ್ತಿಗೂ ಇದರೊಳಗಿದೆ.

ಮುಚ್ಚಿದ ಪೈಪಿನೊಳಗೆ ಮುಖ್ಯವಾಗಿ ಇರೋದು ಅಮೋನಿಯಾ, ನೀರು, ಹೈಡ್ರೋಜನ್. ಅಮೋನಿಯಾ ಕರಗಿದ ನೀರಿಗೆ ಕೆಳಗೆ ಬಿಸಿ ಕೊಟ್ಟರೆ ಅಮೋನಿಯಾ ಆವಿಯಾಗಿ ಮೇಲೇರುತ್ತೆ. ಹಿಂದಿನ ರೆಕ್ಕೆ ಪೈಪಿನಲ್ಲಿ ಗಾಳಿಗೆ ತಣಿದು ದ್ರವವಾಗಿ, ಫ್ರಿಜ್ ಒಳಗಿನ ಪೈಪಿಗೆ ಇಳಿಯುತ್ತೆ. ಅಲ್ಲಿ ಹೈಡ್ರೋಜನ್ ಕಾದಿರುತ್ತೆ. ಒಣ ಗಾಳಿಗೆ ಒದ್ದೆ ಬಟ್ಟೆ ಬೇಗ ಆರೋ ಹಾಗೆ, ಹೈಡ್ರೋಜನ್ ನಡುವೆ ಅಮೋನಿಯಾ ಬೇಗ ಆವಿಯಾಗಿ ಸುತ್ತಲಿನ ಬಿಸಿ ಹೀರ್ಕೊಳ್ಳುತ್ತೆ. ಮಣ್ಣಿನ ಮಡಿಕೆ ನೀರು ತಣ್ಣಗಾಗೋದೂ ಹೀಗೇ. ಆಮೇಲೆ ಆ ಅಮೋನಿಯಾವನ್ನು ನೀರು ಮತ್ತೆ ಹೀರ್ಕೊಂಡು ಕೆಳಗಿಳಿಯುತ್ತೆ, ಹೈಡ್ರೋಜನ್ ವಾಪಸ್ ಹೋಗುತ್ತೆ. ತಿರುಗೋ ಭಾಗ ಒಂದೂ ಇಲ್ಲ. ಬಿಸಿ ಗ್ಯಾಸಿಂದ ಬರಲಿ, ಸೀಮೆಎಣ್ಣೆಯಿಂದ ಬರಲಿ, ಹೀಟರಿಂದ ಬರಲಿ, ಅದಕ್ಕೆ ಲೆಕ್ಕವಿಲ್ಲ.

ಲೆಕ್ಕ ಇರೋದು ನಮಗೆ. ನನ್ನ ಫ್ರಿಜ್ಜಿನ ಹೀಟರ್ 60 ವ್ಯಾಟ್. ಚಿಕ್ಕದೇ ಅನ್ಸುತ್ತೆ. ಆದ್ರೆ ದಿನಕ್ಕೆ 20 ಗಂಟೆ ಉರಿದ್ರೆ 1.2 ಯೂನಿಟ್. ಮನೆಯ 180 ಲೀಟರ್ ಕಂಪ್ರೆಸರ್ ಫ್ರಿಜ್ ಅರ್ಧದಿಂದ ಮುಕ್ಕಾಲು ಯೂನಿಟ್ಟಿಗೆ ದಿನ ಕಳೆಯುತ್ತೆ. ಅಂದ್ರೆ ಕಾಲು ಭಾಗದಷ್ಟು ಜಾಗಕ್ಕೆ ಹೆಚ್ಚುಕಮ್ಮಿ ಎರಡು ಪಟ್ಟು ಕರೆಂಟು. ಹಾಗಾಗಿ ಕರೆಂಟಿಂದಲೋ ಸೋಲಾರಿಂದಲೋ ನಡೆಸೋದಾದ್ರೆ ಇದನ್ನ ಕೊಳ್ಳಲೇಬೇಡಿ. ಚೆನ್ನಾಗಿ ಬಿಸಿಲು ಬೀಳೋ ಊರಾದ್ರೆ ಪ್ಯಾನೆಲ್ ಜೊತೆ ಡಿಸಿ ಕಂಪ್ರೆಸರ್ ಫ್ರಿಜ್ಜೇ ಸರಿ.

ಹಾಗಾದ್ರೆ ಯಾರಿಗೆ ಸರಿ? ನಮ್ಮ ಮೇಲಿನ ಮನೆ ಅಣ್ಣನಿಗೆ. ಅವರದ್ದು ಘಟ್ಟದ ಅಂಚಿನ ಒಂಟಿ ಮನೆ. ಮಳೆಗಾಲದಲ್ಲಿ ಮರ ಬಿದ್ದು ಕಂಬ ಮುರಿದ್ರೆ ವಾರಗಟ್ಟಲೆ ಕರೆಂಟಿಲ್ಲ, ಬಿಸಿಲಂತೂ ಕೇಳೋದೇ ಬೇಡ. ಅವರ ಹತ್ರ ಸುಮಾರು 100 ಲೀಟರಿನ ಗ್ಯಾಸ್ ಫ್ರಿಜ್ ಇದೆ. 14.2 ಕೆಜಿ ಸಿಲಿಂಡರ್ 45 ದಿನ ಬರುತ್ತೆ ಅಂತಾರೆ, ಅಂದ್ರೆ ದಿನಕ್ಕೆ 315 ಗ್ರಾಂ. ಜೂನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಹಚ್ಚೋದು, ಮೂರು ಸಿಲಿಂಡರಿಗೆ ಮುಗೀತು. ಆ ನಾಲ್ಕು ತಿಂಗಳು ಜನರೇಟರ್ ಎಳೆದು ಸಾಕಾದವರಿಗೆ ಈ ಲೆಕ್ಕ ಹಿಡಿಸುತ್ತೆ. ಅವರ ಮನೆ ಸುತ್ತ ಆಗ 22–25 ಡಿಗ್ರಿ ಇರೋದೂ ಫ್ರಿಜ್ಜಿಗೆ ಅನುಕೂಲ. ಹಿಂದಿನ ಪೈಪನ್ನು ತಣಿಸೋದು ಬರೀ ಗಾಳಿ, ಹಾಗಾಗಿ ಹೊರಗೆ ಸೆಕೆ ಹೆಚ್ಚಿದಷ್ಟೂ ಇದು ಸೋಲುತ್ತೆ. ರಾಯಚೂರು, ಕಲಬುರಗಿಯ ಬೇಸಿಗೆಗೆ ಇದನ್ನ ನೆಚ್ಚಿಕೊಳ್ಳಬೇಡಿ. ಕೊಳ್ಳುವಾಗ ಲೇಬಲ್ ನೋಡಿ: ಹವಾಮಾನದ ವರ್ಗ 'ಎನ್' ಅಂತಿದ್ರೆ 32 ಡಿಗ್ರಿವರೆಗೆ, 'ಟಿ' ಅಂತಿದ್ರೆ 43 ಡಿಗ್ರಿವರೆಗೆ ಅಂತ ಅರ್ಥ.

ಇನ್ನೊಂದು ಮುಖ್ಯ ಮಾತು. ಇದು ತಣ್ಣಗಿರೋದನ್ನ ತಣ್ಣಗೇ ಇಡುತ್ತೆ, ಬಿಸಿ ಇರೋದನ್ನ ತಣ್ಣಗೆ ಮಾಡೋ ಶಕ್ತಿ ಕಡಿಮೆ. ಇಂಥ ಚಿಕ್ಕ ಫ್ರಿಜ್ಜಿನ ತಂಪು ಸುಮಾರು 30 ವ್ಯಾಟ್ ಅಂತಿಟ್ಕೊಳ್ಳಿ. ಆಗ ಕರೆದ 10 ಲೀಟರ್ ಹಾಲು 35 ಡಿಗ್ರಿಯಿಂದ 5ಕ್ಕೆ ಇಳಿಯೋಕೆ 11 ಗಂಟೆ ಬೇಕು, ಅಷ್ಟರಲ್ಲಿ ಹಾಲು ಒಡೆದಿರುತ್ತೆ. ಕೊಯ್ದ 50 ಕೆಜಿ ಬೀನ್ಸ್ 30ರಿಂದ 8 ಡಿಗ್ರಿಗೆ ಬರಬೇಕಂದ್ರೆ 40 ಗಂಟೆ. ಹಾಗಾಗಿ ಡೈರಿಗೆ, ತರಕಾರಿಗೆ ಅಲ್ಲ. ಅಣಬೆ ಬೀಜ, ಜೀವಾಣು ಗೊಬ್ಬರದ ಪ್ಯಾಕೆಟ್, ಮನೆ ಬಳಕೆಯ ಹಾಲು ಮೊಸರಿಗೆ ಸಾಕು. ದನದ ಲಸಿಕೆ ಇಡ್ತೀನಿ ಅನ್ನೋರು ಸ್ವಲ್ಪ ತಡೀರಿ. ಕಾಲುಬಾಯಿ ಲಸಿಕೆಗೆ 2ರಿಂದ 8 ಡಿಗ್ರಿ ಬೇಕು, ಹೆಪ್ಪುಗಟ್ಟಿದ್ರೆ ಕೆಡುತ್ತೆ. ಉರಿ ಹೆಚ್ಚುಕಮ್ಮಿ ಮಾಡಿ ಅಷ್ಟು ಕರಾರುವಾಕ್ಕಾಗಿ ಹಿಡಿಯೋದು ಕಷ್ಟ, ತಣ್ಣನೆ ರೆಕ್ಕೆಗೆ ತಾಗಿದ ಬಾಟಲಿ ಹೆಪ್ಪುಗಟ್ಟಬಹುದು.

ಗೋಬರ್ ಗ್ಯಾಸಿಂದ ನಡೆಯುತ್ತಾ ಅಂತ ಕೇಳೇ ಕೇಳ್ತೀರಿ. ಲೆಕ್ಕಕ್ಕೆ ನಡೆಯುತ್ತೆ. 300 ಗ್ರಾಂ ಎಲ್‌ಪಿಜಿಯ ಬಿಸಿ ಸುಮಾರು ಮುಕ್ಕಾಲು ಘನ ಮೀಟರಿಗಿಂತ ತುಸು ಕಡಿಮೆ ಗೋಬರ್ ಗ್ಯಾಸಿನಲ್ಲಿದೆ. ದಿನಕ್ಕೆ 2 ಘನ ಮೀಟರ್ ಕೊಡೋ ಪ್ಲಾಂಟ್ ಇದ್ದವರಿಗೆ ಅದು ದೊಡ್ಡದಲ್ಲ. ತೊಂದರೆ ಬೇರೆ. ಗೋಬರ್ ಗ್ಯಾಸಿಗೆ ಬರ್ನರಿನ ಜೆಟ್ ದೊಡ್ಡದಿರಬೇಕು, ಒತ್ತಡ ಒಂದೇ ಸಮ ಇರಬೇಕು, ಗಂಧಕದ ಅಂಶ ತೆಗೆದಿರಬೇಕು. ಪ್ಲಾಂಟಿನ ಒತ್ತಡ ರಾತ್ರಿ ಇಳಿದ್ರೆ ಉರಿ ಆರುತ್ತೆ. ಎಲ್‌ಪಿಜಿ ಜೆಟ್‌ಗೆ ಸೂಜಿ ಹಾಕಿ ತೂತು ಅಗಲ ಮಾಡೋ ಉಪಾಯ ಮಾತ್ರ ಬೇಡ. ಅದರಿಂದ ಉರಿ ಕೆಡುತ್ತೆ, ಮಸಿ ಕಟ್ಟುತ್ತೆ, ವಿಷದ ಹೊಗೆ ಬರುತ್ತೆ.

ಇಡೋದರಲ್ಲೇ ಅರ್ಧ ಕೆಲಸ ಇದೆ. ಒಳಗಿನ ದ್ರವ ಇಳಿಯೋದು ತನ್ನ ಭಾರದಿಂದಲೇ. ಹಾಗಾಗಿ ಗಾರೆಯವರ ರಸಮಟ್ಟ ತಂದು, ಎರಡೂ ಕಡೆ ನೋಡಿ, ಸಮ ಮಾಡಿ. ಓರೆಯಾದ್ರೆ ದ್ರವ ಅಲ್ಲಲ್ಲೇ ನಿಂತು, ಕೆಳಗಿನ ಬಾಯ್ಲರ್ ಒಣಗಿ ಕಾದು, ಪೈಪ್ ಕಟ್ಟಿಕೊಳ್ಳುತ್ತೆ. ಜೀಪಿನಲ್ಲಿ ತಂದ ಕೂಡಲೇ ಹಚ್ಚಬೇಡಿ, ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿ. ಹಚ್ಚಿದ ಮೇಲೂ ಒಳಗೆ ಸರಿಯಾಗಿ ತಣ್ಣಗಾಗೋಕೆ ಒಂದು ದಿನ ಹಿಡಿಯುತ್ತೆ. ಹಿಂದೆ ಗಾಳಿ ಕೆಳಗಿಂದ ಬಂದು ಮೇಲೆ ಹೋಗೋ ಜಾಗ ಬಿಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರೆ ನೆಲದಲ್ಲೇ ಹರಡುತ್ತೆ. ಹಾಗಾಗಿ ನೆಲಮಟ್ಟದಲ್ಲೂ ಗಾಳಿಕಿಂಡಿ ಬೇಕು. ಮಲಗೋ ಕೋಣೇಲಿ ಖಂಡಿತ ಇಡಬೇಡಿ.

ಹಳೇದು ಕೊಳ್ಳೋದಾದ್ರೆ, ಹಚ್ಚಿ 24 ಗಂಟೆ ಬಿಟ್ಟು ನೋಡದೆ ದುಡ್ಡು ಕೊಡಬೇಡಿ. ಉರಿ ನೀಲಿ ಇರಬೇಕು, ಹಳದಿ ಇದ್ರೆ ಬರ್ನರಿನಲ್ಲಿ ಕಸ. ಹಿಂದೆ ಬಾಯ್ಲರ್ ಸುಡ್ತಿದೆ, ಮಟ್ಟವೂ ಸರಿ, ಗಾಳಿಯೂ ಇದೆ, ಆದ್ರೂ ಒಳಗೆ ತಂಪಿಲ್ಲ ಅಂದ್ರೆ ಪೈಪ್ ಕಟ್ಟಿದೆ. ಹಿಂಬದಿ ಪೈಪಿನ ಮೇಲೆ ಹಳದಿ ಪುಡಿ ಕಂಡರೆ, ಇಲ್ಲಾ ಮೂಗಿಗೆ ಚುಚ್ಚೋ ಅಮೋನಿಯಾ ವಾಸನೆ ಬಂದ್ರೆ ಒಳಗಿನದು ಸೋರಿದೆ. ಗ್ಯಾಸ್ ಮುಚ್ಚಿ, ಬಾಗಿಲು ತೆಗೆದು, ಹೊರಗೆ ಬನ್ನಿ. ಆ ಪುಡಿ ಕೈಯಲ್ಲಿ ಮುಟ್ಟಬೇಡಿ, ತುಕ್ಕು ತಡೆಯೋಕೆ ಹಾಕಿದ ವಿಷದ ಲವಣ ಅದು. ಹೀಗೆ ಸೋರಿದ ಫ್ರಿಜ್ಜಿಗೆ ಊರಿನ ಮೆಕ್ಯಾನಿಕ್ ಗ್ಯಾಸ್ ತುಂಬೋಕಾಗಲ್ಲ, ಒಳಗಿನ ಪೈಪಿನ ಭಾಗವನ್ನೇ ಬದಲಾಯಿಸಬೇಕು.

ನನ್ನ ಲಾಡ್ಜ್ ಫ್ರಿಜ್ ಈಗಲೂ ತೋಟದ ಮನೇಲಿದೆ, ಪ್ಲಗ್ ಇಲ್ಲದೆ. ಬಾಗಿಲಿನ ರಬ್ಬರ್ ಗಟ್ಟಿ ಇದೆ, ಇಲಿ ಹೋಗಲ್ಲ. ಒಣಗಿಸಿದ ಅವರೆ, ಬೆಂಡೆ ಬೀಜ ಇಟ್ಟಿದೀನಿ.