ಅಂಕಿಗೆ ಮೊದಲು ಖಾತೆ

ಗೂಗಲ್ ಆ್ಯಡ್ಸ್ ಖಾತೆಯ ಅಂಕಿಗಳನ್ನು ಅಳೆಯುವ ಮುನ್ನ Goals ಪುಟ ತೆರೆಯಿರಿ. ಒಂದು ಸೀರೆ ಅಂಗಡಿ ಎಂದುಕೊಳ್ಳಿ: ಜಾಹೀರಾತಿನಿಂದ ಬಂದ ಆರ್ಡರ್ ಬಿಲ್ ಪುಸ್ತಕದಲ್ಲಿ 40, ಖಾತೆಯಲ್ಲಿ 80. ಒಂದೇ ಖರೀದಿಯನ್ನು ಆ್ಯಡ್ಸ್ ಟ್ಯಾಗ್ ಒಮ್ಮೆ, ಅನಲಿಟಿಕ್ಸ್‌ನಿಂದ ತಂದ ಗುರಿ ಇನ್ನೊಮ್ಮೆ ಎಣಿಸಿದೆ, ಎರಡೂ Primary. ಒಂದನ್ನು Secondary ಮಾಡಿದರೆ ಸಾಮಾನ್ಯವಾಗಿ ಅದು ಬಿಡ್ಡಿಂಗ್‌ಗೆ ಸೇರುವುದಿಲ್ಲ. ಬದಲಿಸಿದ ದಿನಾಂಕ ಬರೆದಿಡಿ, ಹಿಂದಿನ ವಾರಗಳ ಜೊತೆ ಹೋಲಿಸಬೇಡಿ. ಎಣಿಕೆ ಖರೀದಿಗೆ Every, ವಿಚಾರಣೆ ಫಾರ್ಮ್‌ಗೆ One ಇರಲಿ.

ದಿನಕ್ಕೆ ₹500 ಬಜೆಟ್ ಇಟ್ಟರೂ ಒಂದು ದಿನ ₹1,000 ಖರ್ಚಾಗಬಹುದು. ಅದು ದೋಷವಲ್ಲ, ತಿಂಗಳ ಮಿತಿ 30.4 ಪಟ್ಟು. ಹಲವು ಕ್ಯಾಂಪೇನ್‌ಗಳು ಒಂದೇ ಬಜೆಟ್ ಹಂಚಿಕೊಂಡಿವೆಯೇ ನೋಡಿ. ‘ಕ್ಯಾಂಪೇನ್ 1’ ಎಂಬ ಹೆಸರು ಯಾರಿಗೂ ಏನೂ ಹೇಳದು. ‘ಮೈಸೂರು-ರೇಷ್ಮೆ-ಸರ್ಚ್’ ಎಂದಿದ್ದರೆ ಊರುವಾರು ಸೋಸಬಹುದು.