ಐದೋ ಆರೋ: ನೆಲನೆಲ್ಲಿಯ ಗುರುತು ಸಿಗುವ ಫೋಟೊ

ಶಹಾಪುರದ ಕಡೆ ಮಳೆಗಾಲದಲ್ಲಿ ಕಾಲುವೆಯ ದಂಡೆ, ತೋಟದ ಬದು, ಮನೆಯ ಹಿತ್ತಲು ಎಲ್ಲಿ ಬಗ್ಗಿ ನೋಡಿದರೂ ನೆಲನೆಲ್ಲಿ ಸಿಗುತ್ತದೆ. ಗೇಣುದ್ದದ ಗಿಡ. ಹುಣಸೆ ಎಲೆಯಂಥ ಪುಟ್ಟ ಎಲೆಗಳು ಕಡ್ಡಿಯ ಎರಡೂ ಬದಿಗೆ ಸಾಲಾಗಿ ಕೂತಿರುತ್ತವೆ. ಕಡ್ಡಿಯನ್ನು ಮಗುಚಿದರೆ ಅಡಿಯಲ್ಲಿ ಸಾಸಿವೆಗಿಂತ ತುಸು ದೊಡ್ಡ ಕಾಯಿಗಳು ತೂಗುತ್ತಿರುತ್ತವೆ. ಕಾಮಾಲೆಗೆ ಮದ್ದೆಂದು ಹಳ್ಳಿಗರು ಕಿತ್ತು ತರುವ ಗಿಡ ಇದೇ. ಈಗ ಹಲವರು ಕೀಳುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದು, ಸಸ್ಯಶಾಸ್ತ್ರ ಬಲ್ಲವರಿಗೆ ಕಳಿಸಿ, ಇದು ಅದೇ ಹೌದೇ ಎಂದು ಕೇಳುತ್ತಾರೆ. ಬರುವ ಉತ್ತರ ಬಹಳ ಸಲ ಒಂದೇ: ನೆಲನೆಲ್ಲಿಯ ಜಾತಿಯದ್ದು, ಯಾವ ಪ್ರಭೇದವೆಂದು ಈ ಚಿತ್ರದಿಂದ ಹೇಳಲಾಗದು.

ಹೇಳಲಾಗದ್ದಕ್ಕೆ ಕಾರಣವಿದೆ. ನೆಲನೆಲ್ಲಿ ಎಂಬ ಒಂದು ಹೆಸರಿನಡಿ ನಮ್ಮಲ್ಲಿ ಹಲವು ಗಿಡಗಳಿವೆ. ಭಾರತದ ಹಳೆಯ ಸಸ್ಯಗ್ರಂಥಗಳು ಅವುಗಳಲ್ಲಿ ಕೆಲವನ್ನು ‘ಫಿಲಾಂಥಸ್ ನಿರೂರಿ’ ಎಂಬ ಒಂದೇ ಹೆಸರಿನಲ್ಲಿ ಬರೆದಿಟ್ಟಿದ್ದವು. ಆದರೆ ನಿಜವಾದ ನಿರೂರಿ ಅಮೆರಿಕ ಖಂಡದ ಗಿಡ. ಇಲ್ಲಿ ಆ ಹೆಸರು ಹೊತ್ತಿದ್ದವು ಅಮಾರಸ್, ಫ್ರಟರ್ನಸ್ ಮತ್ತು ಡೆಬಿಲಿಸ್ ಎಂಬ ಮೂರು ಬೇರೆ ಪ್ರಭೇದಗಳು ಎಂದು ಮಿತ್ರ ಮತ್ತು ಜೈನ್ ಎಂಬ ಸಸ್ಯವಿಜ್ಞಾನಿಗಳು 1985ರಲ್ಲಿ ಬಿಡಿಸಿ ತೋರಿಸಿದರು. ಇವುಗಳ ಜೊತೆಗೆ ಒಣ ಎರೆಹೊಲದಲ್ಲಿ ಬೆಳೆಯುವ ಮದರಾಸ್‌ಪಟೆನ್ಸಿಸ್, ತೇವದ ನೆಲದ ಯೂರಿನೇರಿಯಾ ಕೂಡ ಕಣ್ಣಿಗೆ ನೆಲನೆಲ್ಲಿಯೇ.

ಔಷಧಕ್ಕೆ ಹೆಚ್ಚಾಗಿ ಬಳಕೆಯಾಗುವುದು ಅಮಾರಸ್. ದಕ್ಷಿಣ ಭಾರತದ ಗಿಡಮೂಲಿಕೆ ಅಂಗಡಿಗಳಲ್ಲಿ ನೆಲನೆಲ್ಲಿ ಎಂದು ಮಾರುವ ಸರಕನ್ನು ಬೆಂಗಳೂರಿನ ವಿಜ್ಞಾನಿಗಳು ಡಿಎನ್‌ಎ ಸಹಾಯದಿಂದ ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಸುಮಾರು ಮುಕ್ಕಾಲು ಪಾಲು ಮಾದರಿಗಳಲ್ಲಿ ಬಹುತೇಕ ಅಮಾರಸ್ಸೇ ಇತ್ತು. ಉಳಿದ ಕಾಲು ಪಾಲಿನಲ್ಲಿ ಅದರ ದಾಯಾದಿಗಳು ಸಿಕ್ಕವು. ಅಂದರೆ ದಿನನಿತ್ಯ ಇದೇ ಗಿಡ ಕೀಳುವ ಕೈಗಳೂ ತಪ್ಪುತ್ತವೆ.

ಪ್ರಭೇದವನ್ನು ಬೇರ್ಪಡಿಸುವ ಗುರುತುಗಳು ಹೆಚ್ಚಿಲ್ಲ, ಆದರೆ ಎಲ್ಲವೂ ಚಿಕ್ಕವು. ಅಮಾರಸ್ಸಿನ ಹೂವಿಗೆ ಐದು ಎಸಳು, ಉಳಿದ ನಾಲ್ಕಕ್ಕೂ ಸಾಮಾನ್ಯವಾಗಿ ಆರು. (ಎಸಳಿನಂತೆ ಕಾಣುವುದು ಪುಷ್ಪಪತ್ರ. ಈ ಗಿಡಗಳಿಗೆ ನಿಜವಾದ ಹೂದಳವೇ ಇಲ್ಲ.) ಅಮಾರಸ್ಸಿನ ಕಾಯಿ ನುಣುಪು, ಅಡ್ಡಳತೆ ಸುಮಾರು 2 ಮಿ.ಮೀ., ಗಿಡ್ಡ ತೊಟ್ಟಿನ ಮೇಲೆ ತೂಗುತ್ತದೆ. ಮದರಾಸ್‌ಪಟೆನ್ಸಿಸ್‌ನ ಕಾಯಿ ಸುಮಾರು 3 ಮಿ.ಮೀ. ಯೂರಿನೇರಿಯಾದ ಕಾಯಿ ತೊಟ್ಟೇ ಇಲ್ಲವೆಂಬಂತೆ ಕಡ್ಡಿಗೆ ಅಂಟಿಕೊಂಡಿದ್ದು, ಮೈ ತರಿತರಿಯಾಗಿರುತ್ತದೆ. ಒಂದು ಎಸಳು ಹೆಚ್ಚೋ ಕಡಿಮೆಯೋ, ಒಂದು ಮಿ.ಮೀ. ದೊಡ್ಡದೋ ಚಿಕ್ಕದೋ ಎಂಬುದರ ಮೇಲೆ ಇಡೀ ಗುರುತು ನಿಂತಿದೆ. ಫೋಟೊ ಆ ಐದನ್ನು ಎಣಿಸಲು, ಆ ಎರಡನ್ನು ಅಳೆಯಲು ಬಿಡಬೇಕು.

ಎಣಿಕೆ ಕೆಡುವುದು ಮೊದಲು ಬೆಳಕಿನಿಂದ. ಅಮಾರಸ್ಸಿನ ಎಸಳಿನ ನಡುವೆ ಹಸಿರು ಪಟ್ಟಿ, ಎರಡೂ ಅಂಚು ಬಿಳಿ. ಯಾದಗಿರಿಯ ಮಧ್ಯಾಹ್ನದ ಬಿಸಿಲು ನೇರ ಬಿದ್ದಾಗ ಆ ಬಿಳಿಯಂಚು ಚಿತ್ರದಲ್ಲಿ ಸುಟ್ಟಂತಾಗಿ, ಪಕ್ಕದ ಎಸಳಿನ ಬಿಳಿಯೊಡನೆ ಕೂಡಿಹೋಗುತ್ತದೆ. ಐದು ಎಸಳು ಇದ್ದಲ್ಲಿ ಒಂದೇ ಬಿಳಿ ಚುಕ್ಕೆ ಉಳಿಯುತ್ತದೆ. ಅದೇ ಚಿತ್ರದಲ್ಲಿ ಎಲೆಯ ನೆರಳು ಬಿದ್ದ ಕಡೆ ಕಡುಗಪ್ಪು. ಬಿಸಿಲು ಮತ್ತು ನೆರಳಿನ ನಡುವಿನ ಅಂತರವನ್ನು ನಮ್ಮ ಕಣ್ಣು ಸಲೀಸಾಗಿ ಸರಿದೂಗಿಸಿಕೊಳ್ಳುತ್ತದೆ, ಮೊಬೈಲಿನ ಸೆನ್ಸರ್ ಅಷ್ಟು ಸರಿದೂಗಿಸಲಾರದು. ಒಮ್ಮೆ ಪೂರ್ತಿ ಬಿಳಿಯಾಗಿ ದಾಖಲಾದ ಜಾಗದಲ್ಲಿ ವಿವರವೇ ಉಳಿದಿರುವುದಿಲ್ಲ, ಆಮೇಲೆ ಎಷ್ಟು ಕತ್ತಲು ಮಾಡಿದರೂ ಎಸಳು ಮರಳದು.

ಉಪಾಯ ಕೈಗೆಟಕುವಂಥದ್ದೇ. ಮೋಡ ಕವಿದ ಹೊತ್ತು ಸಿಕ್ಕರೆ ಅದೇ ಒಳ್ಳೆಯ ಬೆಳಕು, ಏಕೆಂದರೆ ಇಡೀ ಆಕಾಶವೇ ಎಲ್ಲ ಕಡೆಯಿಂದ ಸಮನಾಗಿ ಬೆಳಗುತ್ತದೆ. ಬಿಸಿಲಿದ್ದರೆ ಗಿಡದ ಮೇಲೆ ಬಿಳಿ ಪಂಚೆಯ ಒಂದು ಪದರ ಹಿಡಿಸಬೇಕು. ಬಟ್ಟೆಯಿಂದ ಸೋಸಿ ಬಂದ ಬೆಳಕು ಮೆತ್ತಗಿರುತ್ತದೆ, ನೆರಳಿನ ಅಂಚು ಕರಗುತ್ತದೆ. ಬಣ್ಣದ ಕೊಡೆ ಮಾತ್ರ ಬೇಡ. ಕೆಂಪು ಕೊಡೆಯಡಿ ಬಿಳಿಯಂಚು ಕೆಂಪಾಗಿ, ನಡುವಿನ ಹಸಿರು ಪಟ್ಟಿ ಮಾಸಿಹೋಗುತ್ತದೆ. ಮೊಬೈಲಿನ ಫ್ಲ್ಯಾಶ್ ಇಷ್ಟು ಹತ್ತಿರದಲ್ಲಿ ಬಿಸಿಲಿಗಿಂತಲೂ ಹೆಚ್ಚು ಕೆಡಿಸುತ್ತದೆ. ಪರದೆಯ ಮೇಲೆ ಹೂವನ್ನೇ ಮುಟ್ಟಿ ಫೋಕಸ್ ಕೂರಿಸಿ, ಬಿಳಿಯಂಚು ಬೇರೆಯಾಗಿ ಕಾಣುವ ತನಕ ಬೆಳಕನ್ನು ತುಸು ಇಳಿಸಿದರೆ ಎಣಿಕೆ ಸಾಧ್ಯ. ಹೊತ್ತು ಮುಳುಗುವ ತನಕ ಕಾಯುವುದೂ ಸಲ್ಲದು, ಏಕೆಂದರೆ ಸಂಜೆಯಾಗುತ್ತಲೇ ಈ ಗಿಡದ ಎಲೆಗಳು ಮಡಚಿಕೊಳ್ಳುತ್ತವೆ. ಮಡಚಿದ ಎಲೆಯಲ್ಲಿ ಅದರ ಆಕಾರ ತಿಳಿಯುವುದಿಲ್ಲ. ಎಲೆಯ ಆಕಾರವೂ ಇಲ್ಲಿ ಬೇಕಾದ ಗುರುತೇ. ಅಮಾರಸ್ಸಿನ ಎಲೆ ಉದ್ದಗೋಲ, ಮದರಾಸ್‌ಪಟೆನ್ಸಿಸ್‌ನದ್ದು ಬುಡದಲ್ಲಿ ಕಿರಿದಾಗಿ ತುದಿಯತ್ತ ಅಗಲವಾಗುತ್ತದೆ.

ಇನ್ನು ಹಿನ್ನೆಲೆ. ನೆಲದಲ್ಲಿದ್ದಂತೆಯೇ ಗಿಡದ ಒಂದು ಚಿತ್ರ ಇರಲೇಬೇಕು. ಎಂಥ ಮಣ್ಣು, ತೇವವೋ ಒಣದೋ, ಗಿಡ ನೆಟ್ಟಗಿದೆಯೋ ಹರಡಿದೆಯೋ, ಎಲೆ ಬರಿ ಪಕ್ಕದ ಕಡ್ಡಿಗಳಲ್ಲಿವೆಯೋ ಮುಖ್ಯ ಕಾಂಡದ ಮೇಲೂ ಇವೆಯೋ ಎಂಬುದನ್ನು ಅದು ಹೇಳುತ್ತದೆ. ಕೊನೆಯದಂತೂ ಅಮಾರಸ್ಸನ್ನು ಮದರಾಸ್‌ಪಟೆನ್ಸಿಸ್‌ನಿಂದ ದೂರದಿಂದಲೇ ಬೇರ್ಪಡಿಸುವ ಗುರುತು: ಅಮಾರಸ್ಸಿನಲ್ಲಿ ಪೂರ್ಣ ಎಲೆಗಳು ಪಕ್ಕದ ತೆಳು ಕಡ್ಡಿಗಳಲ್ಲಿ ಮಾತ್ರ. ಆದರೆ ಹೂವು, ಕಾಯಿಯ ಚಿತ್ರಕ್ಕೆ ಹೊಲದ ಹಿನ್ನೆಲೆ ಆಗಿಬರುವುದಿಲ್ಲ. ಹಸಿರು ಕಾಯಿಯ ಹಿಂದೆ ಹಸಿರು ಹುಲ್ಲಿದ್ದರೆ ಅಂಚು ಕಾಣದು. ಕ್ಯಾಮೆರಾ ಕೂಡ ಗೊಂದಲಕ್ಕೆ ಬಿದ್ದು, ಕೂದಲೆಳೆಯಂಥ ಕಡ್ಡಿಯನ್ನು ಬಿಟ್ಟು ಹಿಂದಿನ ಹುಲ್ಲಿನ ಮೇಲೆ ಫೋಕಸ್ ಕೂರಿಸುತ್ತದೆ.

ಹಾಗಂತ ಬಿಳಿ ಕಾಗದ ಹಾಸುವುದು ಎಲ್ಲರೂ ಮಾಡುವ ಕೆಲಸ, ಅದರಲ್ಲೂ ತೊಡಕಿದೆ. ಮೊಬೈಲ್ ಕ್ಯಾಮೆರಾ ಚೌಕಟ್ಟಿನ ಒಟ್ಟು ಬೆಳಕನ್ನು ಮಧ್ಯಮ ಬೂದಿಗೆ ತರಲು ನೋಡುತ್ತದೆ. ಸುತ್ತ ಬಿಳಿಯೇ ತುಂಬಿದ್ದರೆ ಇಡೀ ಚಿತ್ರವನ್ನು ಕತ್ತಲು ಮಾಡುತ್ತದೆ. ಆಗ ಎಲೆ ಕಪ್ಪಾಗಿ ನರ ಕಾಣುವುದಿಲ್ಲ, ಎಸಳಿನ ಬಿಳಿಯಂಚೋ ಕಾಗದದ ಬಿಳಿಯಲ್ಲೇ ಸೇರಿಹೋಗುತ್ತದೆ. ಕಪ್ಪು ಬಟ್ಟೆ ಹಾಸಿದರೆ ಇದರ ತಿರುಗುಮುರುಗು: ಕ್ಯಾಮೆರಾ ಬೆಳಕು ಏರಿಸಿ ಬಿಳಿಯನ್ನು ಸುಡುತ್ತದೆ. ಬೇಕಾದದ್ದು ಹೊಳಪಿಲ್ಲದ ಬೂದು. ಯಾದಗಿರಿ ಜಿಲ್ಲೆಯವರು ಇದನ್ನು ಅಂಗಡಿಯಲ್ಲಿ ಹುಡುಕಬೇಕಿಲ್ಲ. ಸುರಪುರದಿಂದ ಯಾದಗಿರಿಯವರೆಗೆ ಎಷ್ಟೋ ಮನೆಗಳ ಅಂಗಳಕ್ಕೆ ಹಾಸಿರುವ ಶಹಾಬಾದ್ ಕಲ್ಲು, ಪಾಲಿಶ್ ಮಾಡದ ಒರಟು ಮುಖದ್ದು, ಇದಕ್ಕೆ ಹೇಳಿ ಮಾಡಿಸಿದಂತಿದೆ. ಒಡೆದ ಒಂದು ತುಂಡು ಚೀಲದಲ್ಲಿದ್ದರೆ ಹೊಲದಲ್ಲೂ ಕೆಲಸ ನಡೆಯುತ್ತದೆ. ಕಲ್ಲು ಒಣಗಿರಬೇಕು, ಒದ್ದೆಯಾದರೆ ಕಪ್ಪಗಾಗಿ ಮಿಂಚುತ್ತದೆ.

ಅಳತೆಯ ಮಾತಿಗೆ ಬಂದರೆ ಜನ ಸಾಮಾನ್ಯವಾಗಿ ಪಕ್ಕದಲ್ಲಿ ಬೆರಳನ್ನೋ ನಾಣ್ಯವನ್ನೋ ಇಡುತ್ತಾರೆ. ಬೆರಳಿನ ದಪ್ಪ ಒಬ್ಬೊಬ್ಬರದು ಒಂದೊಂದು. ನಾಣ್ಯವೂ ನಂಬುವಂಥದ್ದಲ್ಲ. ಒಂದು ರೂಪಾಯಿಯ ನಾಣ್ಯವನ್ನೇ ನೋಡಿ: ಹಿಂದೆ 25 ಮಿ.ಮೀ. ಅಗಲವಿತ್ತು, 2011ರ ಸರಣಿಯಲ್ಲಿ 22ಕ್ಕೆ ಇಳಿಯಿತು, 2019ರ ಸರಣಿಯಲ್ಲಿ 20 ಆಯಿತು. ಮೂರೂ ಒಂದೇ ಜೇಬಿನಲ್ಲಿ ಸಿಗುತ್ತವೆ. ಗಿಡದ ಎತ್ತರ ಅಂದಾಜಿಸಲು ನಾಣ್ಯ ಸಾಕಾದೀತು, 2 ಮತ್ತು 3 ಮಿ.ಮೀ. ನಡುವೆ ತೀರ್ಪು ಕೊಡಲು ಸಾಲದು. ಮಿ.ಮೀ. ಗೆರೆಗಳಿರುವ ಶಾಲೆಯ ಪ್ಲಾಸ್ಟಿಕ್ ಸ್ಕೇಲೇ ಸರಿ. ಸ್ಟೀಲಿನದ್ದು ಬೆಳಕು ಎರಚುತ್ತದೆ. ಸೊನ್ನೆಯ ಗೆರೆಗೆ ಮುಂಚೆ ತುಸು ಖಾಲಿ ಜಾಗ ಇರುವುದರಿಂದ ಅಳತೆಯನ್ನು ನಡುವಿನ ಗೆರೆಗಳಿಂದ ಓದುವುದು ಕ್ಷೇಮ.

ಸ್ಕೇಲ್ ಇಟ್ಟರಷ್ಟೇ ಮುಗಿಯಲಿಲ್ಲ, ಅದು ಕಾಯಿಯ ಮಟ್ಟದಲ್ಲೇ ಇರಬೇಕು. ಮೊಬೈಲನ್ನು ಹತ್ತಿರ ಹಿಡಿದಾಗ ಸಣ್ಣ ಏರುಪೇರೂ ದೊಡ್ಡ ತಪ್ಪಾಗುತ್ತದೆ. ಸ್ಕೇಲ್ ಲೆನ್ಸಿನಿಂದ 10 ಸೆಂ.ಮೀ. ದೂರದಲ್ಲಿದ್ದು ಕಾಯಿ 12 ಸೆಂ.ಮೀ. ದೂರದಲ್ಲಿದೆ ಎಂದುಕೊಳ್ಳಿ. ಹತ್ತಿರದ್ದು ದೊಡ್ಡದಾಗಿ ಕಾಣುವುದರಿಂದ 3 ಮಿ.ಮೀ. ಕಾಯಿ ಆ ಸ್ಕೇಲಿನ ಲೆಕ್ಕದಲ್ಲಿ 2.5 ಆಗುತ್ತದೆ. ಮದರಾಸ್‌ಪಟೆನ್ಸಿಸ್‌ನ ಕಾಯಿ ಅರ್ಧ ದಾರಿ ಅಮಾರಸ್ಸಿನ ಕಡೆಗೆ ಬಂದು ನಿಂತಿತು, ಅದನ್ನು ನೋಡಿ ಯಾರೂ ಏನೂ ಹೇಳಲಾರರು. ಕಡ್ಡಿ ಮತ್ತು ಸ್ಕೇಲ್ ಎರಡನ್ನೂ ಒಂದೇ ಕಲ್ಲಿನ ಮೇಲೆ ಮಲಗಿಸಿ, ಮೊಬೈಲನ್ನು ಕಲ್ಲಿಗೆ ಸಮಾನಾಂತರವಾಗಿ ಹಿಡಿದು, ಸ್ವಲ್ಪ ಹಿಂದೆ ಸರಿದು ಜೂಮ್ ಮಾಡಿ ತೆಗೆದರೆ ಈ ತಪ್ಪು ಬಹುಪಾಲು ಇಳಿಯುತ್ತದೆ. ದೂರ ಹೆಚ್ಚಿದಷ್ಟೂ ಅದೇ ಏರುಪೇರಿನ ಪ್ರಭಾವ ಕಡಿಮೆ.

ಆ ಕಾಲುವೆ ದಂಡೆಯ ಗಿಡಕ್ಕೆ ಇದನ್ನೆಲ್ಲ ಅನ್ವಯಿಸಿ ನೋಡೋಣ. ನೆಲದಲ್ಲಿದ್ದಂತೆ ಒಂದು ಚಿತ್ರ. ಒಂದು ಪಕ್ಕದ ಕಡ್ಡಿಯನ್ನು ಚಿವುಟಿ, ಅಡಿ ಮೇಲಾಗಿ ಬೂದು ಕಲ್ಲಿನ ಮೇಲಿಟ್ಟು, ಸ್ಕೇಲಿನೊಡನೆ ಎರಡನೆಯದು. ಇಲ್ಲಿ ಎಲೆಯ ಆಕಾರ, ಕಾಯಿಯ ಅಗಲ, ತೊಟ್ಟಿನ ಉದ್ದ ಸಿಗುತ್ತವೆ. ಎಲೆಯ ಕಂಕುಳಲ್ಲಿ ಗಂಡು ಹೂವು ಮತ್ತು ಹೆಣ್ಣು ಹೂವು ಜೋಡಿಯಾಗಿ ಕೂತಿರುವುದು ಕಂಡರೆ ಅದು ಅಮಾರಸ್ಸಿನ ಪರವಾದ ಇನ್ನೊಂದು ಸಾಕ್ಷಿ. ಮೂರನೆಯದು ಎಸಳಿನ ಎಣಿಕೆಗೆ. ಹೂವನ್ನು ಓರೆಯಿಂದ ತೆಗೆದರೆ ಹಿಂದಿನ ಒಂದು ಎಸಳು ಮರೆಯಾಗಿ ಆರು ಐದಾಗುತ್ತದೆ, ತಪ್ಪುಗಳಲ್ಲೆಲ್ಲ ಇದು ಅತಿ ಕೆಟ್ಟದ್ದು, ಏಕೆಂದರೆ ಚಿತ್ರ ಸ್ಪಷ್ಟವಾಗಿದ್ದೂ ಸುಳ್ಳು ಹೇಳುತ್ತದೆ. ಕಾಯಿಯ ಹಿಂಬದಿ ಹೆಚ್ಚು ಸುಲಭ. ಕಾಯಿ ಬಲಿತರೂ ಎಸಳುಗಳು ಉದುರದೆ ತೊಟ್ಟಿನ ಕಡೆ ಚಕ್ರದಂತೆ ಹರಡಿಕೊಂಡಿರುತ್ತವೆ. ಒಂದು ಕಾಯಿಯನ್ನು ತೊಟ್ಟು ಮೇಲೆ ಮಾಡಿ ಕಲ್ಲಿನ ಮೇಲಿಟ್ಟು ನೇರ ಮೇಲಿನಿಂದ ತೆಗೆದರೆ ಎಲ್ಲ ಎಸಳೂ ಒಮ್ಮೆಗೇ ಕಾಣುತ್ತವೆ. ಎರಡು ಮೂರು ಕಾಯಿಗಳಲ್ಲಿ ಹೀಗೆ ಐದೇ ಬಂದರೆ, ಕಾಯಿ ನುಣುಪಾಗಿ 2 ಮಿ.ಮೀ. ಆಸುಪಾಸಿನಲ್ಲಿದ್ದರೆ, ಮುಖ್ಯ ಕಾಂಡದಲ್ಲಿ ಎಲೆಯಿಲ್ಲದಿದ್ದರೆ, ಅಮಾರಸ್ ಎನ್ನಲು ಬಲ್ಲವರು ಹಿಂಜರಿಯುವುದಿಲ್ಲ.

ಆರು ಬಂದರೆ ಕೆಲಸ ಇನ್ನೂ ಉಳಿದಿದೆ, ಮತ್ತು ಅದು ಮೊಬೈಲಿನ ಶಕ್ತಿಯ ಅಂಚಿಗೆ ಮುಟ್ಟುತ್ತದೆ. ಆಗ ಬೀಜ ನೋಡಬೇಕು, ಅದು ಸುಮಾರು ಒಂದು ಮಿ.ಮೀ. ಅಷ್ಟೆ. ಬಲಿತ ಕಾಯಿ ತಾನಾಗಿ ಸಿಡಿಯುವುದರಿಂದ ಕಡ್ಡಿಯನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಟ್ಟರೆ ಬೀಜಗಳು ಒಳಗೇ ಉದುರಿ ಸಿಗುತ್ತವೆ. ಲೆನ್ಸಿಗೆ ಸಿಕ್ಕಿಸುವ ಮ್ಯಾಕ್ರೊ ಕನ್ನಡಿಯೋ ಭೂತಗನ್ನಡಿಯೋ ಇಲ್ಲದೆ ಇದು ಆಗದು. ಇಲ್ಲಿ ಬೆಳಕಿನ ನಿಯಮವೂ ತಲೆಕೆಳಗು. ಹೂವಿಗೆ ಹಿತವಾಗಿದ್ದ ಮೆತ್ತನೆ ಬೆಳಕಿನಲ್ಲಿ ಬೀಜ ಬೋಳಾಗಿ ಕಾಣುತ್ತದೆ. ಟಾರ್ಚನ್ನು ಕಲ್ಲಿನ ಮಟ್ಟಕ್ಕೆ ಇಳಿಸಿ ಒಂದೇ ಬದಿಯಿಂದ ಓರೆಯಾಗಿ ಬಿಟ್ಟರೆ ಏರುಗಳ ನೆರಳು ಮೂಡಿ ಮೈಯ ರಚನೆ ತೋರುತ್ತದೆ. ಅಡ್ಡಡ್ಡ ಏಣುಗಳಿದ್ದರೆ ಯೂರಿನೇರಿಯಾ, ಸಣ್ಣ ಚುಕ್ಕೆಗಳ ಸಾಲುಗಳಿದ್ದರೆ ಮದರಾಸ್‌ಪಟೆನ್ಸಿಸ್. ಅದೂ ತಿಳಿಯದಿದ್ದರೆ ಗಿಡವನ್ನೇ ಬೇರುಸಹಿತ ಹಳೆ ಪತ್ರಿಕೆಯ ನಡುವೆ ಒತ್ತಿ ಒಣಗಿಸಿ, ಬೀಜದ ಪೊಟ್ಟಣದೊಡನೆ ಕಲಬುರಗಿಯ ಗುಲ್ಬರ್ಗ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗಕ್ಕೆ ಒಯ್ಯಬಹುದು. ಯಾದಗಿರಿ, ಶಹಾಪುರ, ಸುರಪುರ ಇನ್ನೂ ಗುಲ್ಬರ್ಗ ಜಿಲ್ಲೆಯ ತಾಲ್ಲೂಕುಗಳಾಗಿದ್ದಾಗ, 2000ರಲ್ಲಿ, ಆ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ ಹೊರಬಂದದ್ದು ಅಲ್ಲಿಂದಲೇ.