ತಗ್ಗುದಿಣ್ಣೆಯ ಕಣ್ಣಿಗೆ ನೀರಿನ ಹೊದಿಕೆ

19 ವರ್ಷದ ಹುಡುಗನೊಬ್ಬ ಒಂದೇ ವರ್ಷದಲ್ಲಿ ಮೂರು ಸಲ ಕನ್ನಡಕ ಬದಲಿಸಿದ್ದಾನೆ ಎಂದುಕೊಳ್ಳೋಣ. ಬಲಗಣ್ಣಿನ ಸಿಲಿಂಡರ್ ಪವರ್ 2ರಿಂದ 4.5ಕ್ಕೆ ಏರಿದೆ. ಅದರ ಕೋನವೂ ಪ್ರತಿ ಸಲ ಬೇರೆ ಬರುತ್ತಿದೆ. ಹೊಸ ಕನ್ನಡಕ ಹಾಕಿಕೊಂಡರೂ ಪರೀಕ್ಷೆಯ ಹಲಗೆಯಲ್ಲಿ 6/18 ದಾಟುತ್ತಿಲ್ಲ. ಅಂದರೆ ಬೇರೆಯವರು 18 ಮೀಟರ್ ದೂರದಿಂದ ಓದುವ ಅಕ್ಷರವನ್ನು ಅವನು 6 ಮೀಟರಿಗೆ ಬಂದು ಓದಬೇಕು. ರಾತ್ರಿ ಎದುರಿಗೆ ಬರುವ ಬೈಕಿನ ಒಂದು ದೀಪಕ್ಕೆ ಬಾಲ ಮೂಡಿ ಮೂರು ನಾಲ್ಕಾಗಿ ಕಾಣುತ್ತದೆ. ಅಂಗಡಿಯವರು ಪವರ್ ತಪ್ಪು ಹಾಕಿದ್ದಾರೆಂದು ಮನೆಯವರು ಬೇಸರಪಡುತ್ತಾರೆ. ಪವರ್ ಸರಿಯಾಗಿಯೇ ಇದೆ, ಆ ಕಣ್ಣಿಗೆ ಕನ್ನಡಕವೇ ಸಾಲದಾಗಿದೆ.

ಕಾರಣ ಕಾರ್ನಿಯಾದಲ್ಲಿದೆ. ಕರಿಗುಡ್ಡೆಯ ಮೇಲಿನ ಈ ಪಾರದರ್ಶಕ ಪಟಲದ ದಪ್ಪ ನಡುವೆ ಸುಮಾರು ಅರ್ಧ ಮಿಲಿಮೀಟರ್. ಬೆಳಕನ್ನು ಬಾಗಿಸುವ ಕೆಲಸದ ಮೂರರಲ್ಲಿ ಎರಡು ಪಾಲು ಇದರದೇ. ಕೆರಟೋಕೋನಸ್‌ನಲ್ಲಿ ಪಟಲ ಒಂದು ಕಡೆ ತೆಳುವಾಗಿ, ಹೆಚ್ಚಾಗಿ ನಡುವಿಗಿಂತ ತುಸು ಕೆಳಗೆ, ಶಂಕುವಿನಂತೆ ಮುಂದಕ್ಕೆ ಚಾಚುತ್ತದೆ. ಸಾಮಾನ್ಯವಾಗಿ ಹದಿಹರೆಯದಲ್ಲಿ ಶುರುವಾಗಿ ಮೂವತ್ತು ದಾಟುವವರೆಗೂ ಮುಂದುವರಿಯಬಹುದು. ಅಲರ್ಜಿಯ ತುರಿಕೆಗೆ ಕಣ್ಣು ಉಜ್ಜುವವರಲ್ಲಿ ಹೆಚ್ಚು ಕಾಣುತ್ತದೆ.

ಸಾಮಾನ್ಯ ಸಿಲಿಂಡರ್ ದೋಷದಲ್ಲಿ ಕಾರ್ನಿಯಾ ಒಂದು ದಿಕ್ಕಿಗೆ ಹೆಚ್ಚು ಬಾಗಿರುತ್ತದೆ, ಅದಕ್ಕೆ ಅಡ್ಡ ದಿಕ್ಕಿನಲ್ಲಿ ಕಡಿಮೆ. ಆ ಬಾಗಿಗೆ ಒಂದು ಕ್ರಮವಿದೆ. ಕನ್ನಡಕದ ಗಾಜನ್ನು ಅದಕ್ಕೆ ವಿರುದ್ಧವಾಗಿ ಅರೆದರೆ ಲೆಕ್ಕ ಸರಿಹೋಗುತ್ತದೆ. ಕೆರಟೋಕೋನಸ್‌ನಲ್ಲಿ ಆ ಕ್ರಮವೇ ತಪ್ಪಿಹೋಗಿರುತ್ತದೆ. ಪಾಪೆಯ ಮೇಲ್ಭಾಗಕ್ಕೆ ಬೇಕಾದ ಪವರ್ ಒಂದು, ಕೆಳಭಾಗಕ್ಕೆ ಬೇಕಾದದ್ದು ಇನ್ನೊಂದು. ಕಣ್ಣಿನಿಂದ ಒಂದು ಸೆಂಟಿಮೀಟರಿಗೂ ಹೆಚ್ಚು ದೂರ ಕೂತಿರುವ ಗಾಜಿನ ಹಿಂದೆ ಕಣ್ಣು ಸದಾ ಹೊರಳುತ್ತಿರುತ್ತದೆ. ಅಲ್ಲಿಂದ ಪ್ರತಿ ತಗ್ಗು ದಿಣ್ಣೆಗೂ ಉತ್ತರ ಕೊಡುವುದು ಗಾಜಿಗೆ ಸಾಧ್ಯವಿಲ್ಲ. ಸಣ್ಣ ತೂತಿನ ಮೂಲಕ ನೋಡಿಸಿದಾಗ ಆ ಹುಡುಗ 6/9 ಓದುತ್ತಾನೆ. ನರ ಚೆನ್ನಾಗಿದೆ, ಕೆಟ್ಟಿರುವುದು ಮೇಲ್ಮೈ ಎಂಬುದಕ್ಕೆ ಅಷ್ಟು ಸೂಚನೆ ಸಾಕು. ಕಾರ್ನಿಯಾದ ಉಬ್ಬುತಗ್ಗಿನ ನಕಾಶೆ ತೆಗೆಯುವ ಟೊಪೋಗ್ರಫಿ ಉಳಿದದ್ದನ್ನು ಹೇಳುತ್ತದೆ.

ಗಟ್ಟಿ ಲೆನ್ಸಿನ ಕೆಲಸ ನೋಡಬೇಕಾದರೆ ನಾಟಿಯ ಗದ್ದೆಯನ್ನು ನೆನೆಯಿರಿ. ನೀರು ಕಟ್ಟಿದಾಗ ಹೆಂಟೆ, ಹೊಂಡ ಎಲ್ಲ ಮುಚ್ಚಿ ಮೇಲೆ ಮಟ್ಟಸ ಹಾಳೆಯೊಂದು ನಿಲ್ಲುತ್ತದೆ. ಆರ್‌ಜಿಪಿ ಎಂದು ಕರೆಯುವ, ಆಮ್ಲಜನಕ ದಾಟಿಸುವ ಗಟ್ಟಿ ಲೆನ್ಸ್ ತನ್ನ ಆಕಾರ ಬಿಡುವುದಿಲ್ಲ. ಅದರ ಮತ್ತು ಕಾರ್ನಿಯಾದ ನಡುವಿನ ಸಂದನ್ನು ಕಣ್ಣೀರು ತುಂಬುತ್ತದೆ. ಕಣ್ಣೀರೂ ಕಾರ್ನಿಯಾವೂ ಬೆಳಕನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಾಗಿಸುವುದರಿಂದ ಅಂಕುಡೊಂಕಿನ ಬಹುಪಾಲು ಬೆಳಕಿನ ಲೆಕ್ಕದಿಂದ ಕಳೆದುಹೋಗುತ್ತದೆ. ಲೆನ್ಸಿನ ನಯವಾದ ಮುಂಭಾಗವೇ ಹೊಸ ಕಾರ್ನಿಯಾ ಆಗುತ್ತದೆ. ಮೆತ್ತನೆಯ ಸಾಮಾನ್ಯ ಲೆನ್ಸ್ ಶಂಕುವಿನ ಮೇಲೆ ಬಟ್ಟೆಯಂತೆ ಮಡಿದು ಅದೇ ಡೊಂಕನ್ನು ಮೇಲಕ್ಕೆ ತರುತ್ತದೆ.

ಆರ್‌ಜಿಪಿ ಚಿಕ್ಕದು, ಅಗಲ ಸುಮಾರು 9-10 ಮಿಲಿಮೀಟರ್. ಶಂಕು ಚೂಪಾದಂತೆಲ್ಲ ಅದು ತುದಿಯ ಮೇಲೆ ತೂಗಾಡುತ್ತದೆ, ಕೆಲವೊಮ್ಮೆ ಉದುರಿಬೀಳುತ್ತದೆ, ತುದಿಯನ್ನು ಉಜ್ಜಿ ಗಾಯ ಮಾಡುತ್ತದೆ. ಅಡಿಗೆ ಧೂಳು ಸೇರಿದರೆ ಬೈಕ್ ನಿಲ್ಲಿಸಲೇಬೇಕು, ಅಷ್ಟು ನೋವು. ಆಗ ಸ್ಕ್ಲೀರಲ್ ಲೆನ್ಸ್ ನೆರವಿಗೆ ಬರುತ್ತದೆ. 15 ಮಿಲಿಮೀಟರಿಗೂ ಅಗಲವಾದ ಇದು ಬಿಳಿಗುಡ್ಡೆಯ ಮೇಲೆ ಕಾಲೂರಿ, ಕಾರ್ನಿಯಾವನ್ನು ಮುಟ್ಟದೆ ಕಮಾನಿನಂತೆ ನಿಲ್ಲುತ್ತದೆ. 1888ರಲ್ಲಿ ಪ್ಯಾರಿಸ್ಸಿನ ಯುಜೀನ್ ಕಾಲ್ಟ್ ಈ ಕಾಯಿಲೆಗೆ ಗಾಜಿನ ಚಿಪ್ಪು ತೊಡಿಸಿ ನೋಡಿದ್ದರು. ಆದರೆ ಕಾರ್ನಿಯಾಕ್ಕೆ ರಕ್ತನಾಳವಿಲ್ಲ, ಅದು ಉಸಿರಾಡುವುದು ಗಾಳಿಯಿಂದ. ಆಮ್ಲಜನಕ ದಾಟಿಸುವ ವಸ್ತು ಬಂದ ಮೇಲೆಯೇ ದಿನವಿಡೀ ಧರಿಸುವುದು ಸುಲಭವಾಯಿತು.

ಸ್ಕ್ಲೀರಲ್ ಲೆನ್ಸನ್ನು ಹೊಂದಿಸುವುದು ನಿಜಕ್ಕೂ ಕೈಕಸುಬು. ಪ್ರಯೋಗದ ಲೆನ್ಸನ್ನು ಬಟ್ಟಲಿನಂತೆ ಹಿಡಿದು, ಪ್ರಿಸರ್ವೇಟಿವ್ ಇಲ್ಲದ ಸಲೈನನ್ನು ಅಂಚಿನವರೆಗೆ ತುಂಬಿ, ಫ್ಲೋರೆಸೀನ್ ಬಣ್ಣ ಬೆರೆಸುತ್ತಾರೆ. ಹುಡುಗ ಮುಖ ನೆಲಕ್ಕೆ ಸಮನಾಗಿ ಬಗ್ಗಿಸುತ್ತಾನೆ. ಗುಳ್ಳೆ ಉಳಿದರೆ ಮತ್ತೆ ಹಾಕಬೇಕು. ಸ್ಲಿಟ್ ಲ್ಯಾಂಪಿನ ತೆಳು ಬೆಳಕಿನಲ್ಲಿ ಹಸಿರು ಪದರದ ದಪ್ಪ ನೋಡುತ್ತಾರೆ. ಮೊದಲು 300 ಮೈಕ್ರಾನ್ ಇದ್ದದ್ದು ಗಂಟೆಗಳು ಕಳೆದಂತೆ ಲೆನ್ಸ್ ತಗ್ಗಿ 200ರ ಸುತ್ತ ನಿಲ್ಲಬಹುದು. ಹಸಿರು ಎಲ್ಲಾದರೂ ಕಪ್ಪಾದರೆ ಅಲ್ಲಿ ಲೆನ್ಸ್ ಮುಟ್ಟುತ್ತಿದೆ. ಅಂಚಿನಲ್ಲಿ ರಕ್ತನಾಳ ಬಿಳಿಚಿದರೆ ಒತ್ತುತ್ತಿದೆ. ಸರಿ ಕೂತ ಲೆನ್ಸಿನಲ್ಲಿ ಅವನು 6/6 ಸಾಲು ಓದುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಒಳಗಿನ ದ್ರವ ಮಬ್ಬಾಗುವುದುಂಟು. ತೆಗೆದು ಹೊಸ ಸಲೈನ್ ತುಂಬಿದರೆ ತಿಳಿಯಾಗುತ್ತದೆ. ನಲ್ಲಿ ನೀರು ಮಾತ್ರ ತಗಲಬಾರದು, ಅದರಲ್ಲಿರಬಹುದಾದ ಅಕಾಂತಮೀಬಾ ಕಾರ್ನಿಯಾವನ್ನು ಕೊರೆಯುತ್ತದೆ.

ಲೆನ್ಸ್ ದೃಷ್ಟಿ ಕೊಡುತ್ತದೆ, ಕಾಯಿಲೆಯನ್ನು ತಡೆಯುವುದಿಲ್ಲ. ಬೆಳೆಯುತ್ತಿರುವ ಶಂಕುವನ್ನು ನಿಲ್ಲಿಸಲು ರೈಬೋಫ್ಲೇವಿನ್ ಹನಿಸಿ ನೇರಳಾತೀತ ಬೆಳಕು ಹಾಯಿಸುವ ಕ್ರಾಸ್‌ಲಿಂಕಿಂಗ್ ಬೇರೆಯೇ ಮಾಡಿಸಬೇಕು. ಕಾರ್ನಿಯಾ ತೀರ ತೆಳುವಾದ ಮೇಲೆ ಅದನ್ನು ಮಾಡುವುದು ಕಷ್ಟ. ಮನೆಯಲ್ಲಿ ಹದಿಹರೆಯದವರ ಸಿಲಿಂಡರ್ ಪವರ್ ವರ್ಷದಲ್ಲೇ ಏರುತ್ತಿದ್ದರೆ, ಮುಂದಿನ ಕನ್ನಡಕಕ್ಕೆ ಮೊದಲು ಒಮ್ಮೆ ಟೊಪೋಗ್ರಫಿ ಮಾಡಿಸಿ. ಕಣ್ಣುಜ್ಜುವ ಕೈಯನ್ನು ಇವತ್ತೇ ತಡೆಯಿರಿ.